ಗಡುವು ಮುಂದೂಡಲು ಕೇಳುವ ಪತ್ರ: ಮೊದಲು ಲೆಕ್ಕ, ಆಮೇಲೆ ವಿನಂತಿ

ಶಾಲೆಯಲ್ಲಿ ನಾವೆಲ್ಲ ರಜಾ ಅರ್ಜಿ ಬರೆದು ಕಲಿತವರು. ‘ಇವರಿಂದ, ಇವರಿಗೆ, ವಿಷಯ, ಮಾನ್ಯರೆ’ ಎಂಬ ಚೌಕಟ್ಟು ಕೈಗೆ ಹತ್ತಿಬಿಟ್ಟಿರುತ್ತದೆ. ಎಂ.ಎ. ತರಗತಿಗೆ ಬಂದ ಮೇಲೆ ಕಿರುಪ್ರಬಂಧ ಒಪ್ಪಿಸಲು ಇನ್ನಷ್ಟು ದಿನ ಬೇಕಾದಾಗಲೂ ಅದೇ ಅರ್ಜಿ ಹೊರಬರುತ್ತದೆ: ‘ಅನಿವಾರ್ಯ ಕಾರಣಗಳಿಂದ ನಿಗದಿತ ಸಮಯದಲ್ಲಿ ಸಲ್ಲಿಸಲು ಸಾಧ್ಯವಾಗುತ್ತಿಲ್ಲ. ಆದ್ದರಿಂದ ದಯಮಾಡಿ ಕಾಲಾವಕಾಶ ನೀಡಬೇಕೆಂದು ವಿನಂತಿ.’ ವ್ಯಾಕರಣ ಸರಿ ಇದೆ, ವಿನಯವೂ ಇದೆ. ಆದರೆ ಇದನ್ನು ಓದಿದ ಮೇಷ್ಟ್ರು ಹೂಂ ಎನ್ನಲೂ ಆಗದು, ಊಹೂಂ ಎನ್ನಲೂ ಆಗದು. ಏನಾಯಿತು, ಕೆಲಸ ಎಲ್ಲಿಗೆ ಬಂದಿದೆ, ಎಂದು ಮುಗಿಯುತ್ತದೆ ಎಂಬ ಮೂರರಲ್ಲಿ ಒಂದೂ ಅದರಲ್ಲಿಲ್ಲ.

ರಜೆ ಕೇಳುವಾಗ ನೀವು ತರಗತಿಯಲ್ಲಿ ಇರುವುದಿಲ್ಲ ಎಂಬುದಷ್ಟೇ ವಿಷಯ. ಗಡುವು ಕೇಳುವಾಗ ಇನ್ನೊಬ್ಬರ ದಿನಗಳೂ ಹಿಂದೆ ಮುಂದೆ ಆಗುತ್ತವೆ. ನಿಮ್ಮ ಕರಡನ್ನು ಓದಲು ಅವರು ಇಟ್ಟುಕೊಂಡಿದ್ದ ವಾರ ಸರಿಯುತ್ತದೆ. ಹಾಗಾಗಿ ಈ ಪತ್ರದಲ್ಲಿ ಮುಖ್ಯವಾದದ್ದು ಹೊಸ ದಿನಾಂಕ. ಅದನ್ನು ಊಹಿಸಿ ಬರೆಯಬಾರದು, ಲೆಕ್ಕ ಹಾಕಿ ಬರೆಯಬೇಕು. ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ.

ದಿನಾಂಕ ಯಾರದ್ದು?

ಮಲೆನಾಡಿನ ಸಣ್ಣ ಅಡಿಕೆ ಬೆಳೆಗಾರರ ಬಗ್ಗೆ ಕಿರುಪ್ರಬಂಧ ಬರೆಯುತ್ತಿರುವ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದಿಟ್ಟುಕೊಳ್ಳಿ. ವರ್ಷ 2025. ಪೂರ್ಣ ಕರಡನ್ನು ಏಪ್ರಿಲ್ 21ರ ಸೋಮವಾರ ಕೊಡಬೇಕೆಂದು ಗೈಡ್ ಹೇಳಿದ್ದಾರೆ. ತಿದ್ದಿ, ಬೈಂಡ್ ಮಾಡಿಸಿದ ಪ್ರತಿಯನ್ನು ವಿಭಾಗಕ್ಕೆ ಒಪ್ಪಿಸಲು ಮೇ 14 ಕೊನೆಯ ದಿನ.

ಇಲ್ಲಿ ಎರಡು ಗಡುವುಗಳಿವೆ, ಎರಡರ ಒಡೆಯರೂ ಬೇರೆ. ಏಪ್ರಿಲ್ 21 ಗೈಡ್ ಇಟ್ಟ ದಿನ, ಅದನ್ನು ಅವರೇ ಸಡಿಲಿಸಬಹುದು. ಮೇ 14 ವಿಭಾಗದ್ದು. ಅದನ್ನು ಸರಿಸಬೇಕಾದರೆ ವಿಭಾಗದ ಮುಖ್ಯಸ್ಥರಿಗೆ, ಗೈಡ್ ಅವರ ಮೂಲಕ, ಬೇರೆ ಅರ್ಜಿಯೇ ಹೋಗಬೇಕು. ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ದಿನ ಇವೆರಡಕ್ಕೂ ಮೇಲಿನದು. ಅದು ಮುಗಿದರೆ ಒಳ್ಳೆಯ ಮೇಷ್ಟ್ರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಆದ್ದರಿಂದ ಪತ್ರ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಕೇಳುತ್ತಿರುವುದನ್ನು ಕೊಡುವ ಅಧಿಕಾರ ಇವರಿಗಿದೆಯೇ? ನಮ್ಮ ವಿದ್ಯಾರ್ಥಿನಿ ಗೈಡ್ ಇಟ್ಟ ದಿನವನ್ನು ಮಾತ್ರ ಸರಿಸಲು ಕೇಳುತ್ತಾಳೆ, ಮೇ 14ನ್ನು ಮುಟ್ಟುವುದಿಲ್ಲ.

ಹೊಸ ದಿನಾಂಕದ ಲೆಕ್ಕ

ಅವಳ ತಂದೆಗೆ ಶಸ್ತ್ರಚಿಕಿತ್ಸೆಯಾಗಿ ಏಪ್ರಿಲ್ 8ರಿಂದ 14ರವರೆಗೆ ಆಸ್ಪತ್ರೆಯಲ್ಲಿ ಅವಳೇ ಜೊತೆಗಿರಬೇಕಾಯಿತು. ಏಳು ದಿನ ಹೋಯಿತು, ಹಾಗಾದರೆ 21ಕ್ಕೆ ಏಳು ಸೇರಿಸಿ 28 ಎಂದು ಬರೆದುಬಿಡೋಣ ಅನ್ನಿಸುತ್ತದೆ. ಹೆಚ್ಚಿನವರು ಮಾಡುವುದು ಹೀಗೆಯೇ, ಎಡವುವುದೂ ಇಲ್ಲಿಯೇ. ಕಳೆದುಹೋದ ದಿನಗಳನ್ನು ಎಣಿಸಿದರೆ ಸಾಲದು, ಉಳಿದ ಕೆಲಸವನ್ನು ಎಣಿಸಬೇಕು.

ಐದು ಅಧ್ಯಾಯಗಳಲ್ಲಿ ಮೂರು ಮುಗಿದಿವೆ. ನಾಲ್ಕನೆಯದರ ಸಂದರ್ಶನಗಳು ಆಗಿವೆ, ಕೋಷ್ಟಕಗಳೂ ಸಿದ್ಧ, ವಿವರಣೆ ಬರೆಯಬೇಕು. ಅದಕ್ಕೆ ಐದು ದಿನ. ಉಪಸಂಹಾರಕ್ಕೆ ಎರಡು ದಿನ, ಅಡಿಟಿಪ್ಪಣಿ ಮತ್ತು ಗ್ರಂಥಸೂಚಿಗೆ ಒಂದು, ಇಡೀ ಕರಡನ್ನು ಒಮ್ಮೆ ಓದಿ ತಿದ್ದಲು ಇನ್ನೊಂದು. ಒಟ್ಟು ಒಂಬತ್ತು ದಿನದ ಕೆಲಸ.

ಈಗ ದಿನಗಳು ಎಲ್ಲಿವೆ ನೋಡೋಣ. ಏಪ್ರಿಲ್ 16ರಿಂದ ಅವಳು ಕೂರಬಹುದು. ಆದರೆ ತಂದೆ ಈಗಷ್ಟೇ ಮನೆಗೆ ಬಂದಿದ್ದಾರೆ, 20ರವರೆಗೆ ಅವಳಿಗೆ ಸಿಗುವುದು ದಿನಕ್ಕೆ ಅರ್ಧ ಹೊತ್ತು. ಐದು ಅರ್ಧ ದಿನ ಎಂದರೆ ಎರಡೂವರೆ ದಿನದ ಕೆಲಸ. ಉಳಿದ ಆರೂವರೆ ದಿನದ ಕೆಲಸ 21ರಿಂದ ಶುರುವಾಗಿ 27ರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕರೆಂಟು ಹೋಗಬಹುದು, ಪ್ರಿಂಟ್ ಅಂಗಡಿಯಲ್ಲಿ ಸಾಲು ಇರಬಹುದು, ತಂದೆಯನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕಾಗಬಹುದು ಎಂದು ಒಂದೂವರೆ ದಿನ ಸಡಿಲ ಇಟ್ಟರೆ 29ರ ಮಂಗಳವಾರ ಬೆಳಿಗ್ಗೆ ಕೊಡಬಹುದು.

ಇನ್ನೊಂದು ದಿನ ಸೇರಿಸಿ 30 ಎಂದು ಬರೆದರೇನು? ಆ ವರ್ಷ ಏಪ್ರಿಲ್ 30 ಬಸವ ಜಯಂತಿ, ಮರುದಿನ ಕಾರ್ಮಿಕರ ದಿನ. ಎರಡೂ ದಿನ ವಿಭಾಗಕ್ಕೆ ಬೀಗ. 30 ಎಂದು ಕೇಳಿದರೆ ಕರಡು ಗೈಡ್ ಕೈ ಸೇರುವುದು ಮೇ 2ಕ್ಕೆ. ಹೊಸ ದಿನಾಂಕ ಬರೆಯುವ ಮೊದಲು ಕ್ಯಾಲೆಂಡರು ನೋಡಿ ಎನ್ನುವುದು ಇದಕ್ಕೆ.

ಕೊನೆಗೆ ಇದೇ ಲೆಕ್ಕವನ್ನು ಎದುರಿನವರ ಕಡೆಯಿಂದ ಹಾಕಿ. 29ಕ್ಕೆ ಐದೂ ಅಧ್ಯಾಯಗಳನ್ನು ಒಟ್ಟಿಗೆ ಕೊಟ್ಟರೆ ಗೈಡ್ ಅವಸರದಲ್ಲಿ ಓದಬೇಕು. ತಿದ್ದುವುದಕ್ಕೆ, ಬೈಂಡಿಂಗ್‌ಗೆ ದಿನ ಉಳಿಯುವುದಿಲ್ಲ. ಆದರೆ ಮುಗಿದಿರುವ ಮೂರು ಅಧ್ಯಾಯಗಳನ್ನು ಮೊದಲು ಹೇಳಿದ 21ರಂದೇ ಕೊಟ್ಟರೆ ಅವರ ಓದು ನಿಲ್ಲುವುದಿಲ್ಲ, 29ಕ್ಕೆ ಅವರಿಗೆ ಉಳಿಯುವುದು ಎರಡೇ ಅಧ್ಯಾಯ. ಆಗ ಮೇ 14ಕ್ಕೂ ತೊಂದರೆಯಿಲ್ಲ. ಸಿದ್ಧವಾಗಿರುವ ಭಾಗವನ್ನು ಹಳೆಯ ದಿನಾಂಕಕ್ಕೇ ಒಪ್ಪಿಸುವುದಾಗಿ ಹೇಳುವ ಈ ಒಂದು ಸಾಲು ಇಡೀ ಪತ್ರದಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಪತ್ರ

ಆಸ್ಪತ್ರೆಗೆ ಸೇರಿಸಿದ ದಿನವೇ ಗೈಡ್‌ಗೆ ಎರಡು ಸಾಲಿನ ಸಂದೇಶ ಕಳಿಸಿ, ವಿವರ ಆಮೇಲೆ ಬರೆಯುತ್ತೇನೆ ಎಂದು ತಿಳಿಸಿದ್ದರೆ ಒಳ್ಳೆಯದು. ಲೆಕ್ಕ ಕೈಗೆ ಸಿಕ್ಕ ಏಪ್ರಿಲ್ 15ರಂದು ಇಮೇಲ್ ಹೋಗಬೇಕು. ಗಡುವಿಗೆ ಇನ್ನೂ ಆರು ದಿನ ಇರುವಾಗ ಬಂದ ಪತ್ರಕ್ಕೆ ಗೈಡ್ ತಮ್ಮ ವಾರವನ್ನು ಹೊಂದಿಸಿಕೊಳ್ಳಬಹುದು. 20ರ ರಾತ್ರಿ ಬಂದ ಪತ್ರಕ್ಕೆ ಅದು ಆಗುವುದಿಲ್ಲ.

ವಿಷಯ: ಕಿರುಪ್ರಬಂಧದ ಕರಡನ್ನು ಏಪ್ರಿಲ್ 21ರ ಬದಲು 29ರಂದು ಒಪ್ಪಿಸಲು ಅನುಮತಿ ಕೋರಿ

ಮೇಡಂ, ನಮಸ್ಕಾರ.

ಕಿರುಪ್ರಬಂಧದ ಪೂರ್ಣ ಕರಡನ್ನು ಏಪ್ರಿಲ್ 21ರ ಬದಲು ಏಪ್ರಿಲ್ 29, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಒಪ್ಪಿಸಲು ತಮ್ಮ ಅನುಮತಿ ಕೋರುತ್ತೇನೆ.

ತಂದೆಯವರಿಗೆ ಶಸ್ತ್ರಚಿಕಿತ್ಸೆಯಾಗಿ ಏಪ್ರಿಲ್ 8ರಿಂದ 14ರವರೆಗೆ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದೆ. ಆ ದಿನಗಳಲ್ಲಿ ಬರವಣಿಗೆ ಸಾಗಲಿಲ್ಲ. ಡಿಸ್ಚಾರ್ಜ್ ಸಮ್ಮರಿ ನನ್ನ ಬಳಿ ಇದೆ, ಬೇಕಿದ್ದರೆ ತಂದು ತೋರಿಸುತ್ತೇನೆ.

ಮೊದಲ ಮೂರು ಅಧ್ಯಾಯಗಳು ಮುಗಿದಿವೆ. ಅವನ್ನು 21ರಂದೇ ತಮಗೆ ಕೊಡುತ್ತೇನೆ. ನಾಲ್ಕನೆಯ ಅಧ್ಯಾಯದ ಕೋಷ್ಟಕಗಳು ಸಿದ್ಧವಾಗಿವೆ, ವಿವರಣೆ ಬರೆಯಬೇಕಿದೆ. ಉಪಸಂಹಾರ ಮತ್ತು ಗ್ರಂಥಸೂಚಿ ಬಾಕಿ ಇವೆ.

29 ತಮಗೆ ತಡವಾಗುವುದಾದರೆ ನಾಲ್ಕನೆಯ ಅಧ್ಯಾಯವನ್ನು 25ರ ಶುಕ್ರವಾರವೇ ಕೊಡಬಲ್ಲೆ. ತಮಗೆ ಯಾವುದು ಅನುಕೂಲವೋ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
(ಹೆಸರು, ತರಗತಿ, ನೋಂದಣಿ ಸಂಖ್ಯೆ)

ಕೋರಿಕೆ ಮೊದಲ ವಾಕ್ಯದಲ್ಲೇ ಇದೆ, ಹಳೆಯ ದಿನಾಂಕ ಹೊಸ ದಿನಾಂಕ ಎರಡೂ ಅಲ್ಲಿವೆ. ಮೊಬೈಲಿನಲ್ಲಿ ವಿಷಯದ ಸಾಲನ್ನಷ್ಟೇ ನೋಡಿದರೂ ಗೈಡ್‌ಗೆ ಸಂಗತಿ ತಿಳಿಯುತ್ತದೆ. ‘ಈ ತಿಂಗಳ ಕೊನೆಯೊಳಗೆ’, ‘ಆದಷ್ಟು ಬೇಗ’ ಎಂಬ ಮಾತುಗಳು ಎಲ್ಲೂ ಇಲ್ಲ. ಅವು ದಿನಾಂಕಗಳಲ್ಲ.

ಕಾರಣ ಎಷ್ಟು ಹೇಳಬೇಕು?

ಕೆಲಸ ಯಾಕೆ ನಿಂತಿತು ಎಂದು ತಿಳಿಯುವಷ್ಟು. ಯಾವ ಶಸ್ತ್ರಚಿಕಿತ್ಸೆ, ಎಷ್ಟು ಖರ್ಚು, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂಬುದು ಗೈಡ್‌ಗೆ ಬೇಕಿಲ್ಲ. ಅವರಿಗೆ ಬೇಕಾದದ್ದು ಕಾರಣಕ್ಕೂ ದಿನಗಳಿಗೂ ಇರುವ ಸಂಬಂಧ. ಎರಡು ದಿನದ ಜ್ವರ ಹೇಳಿ ಮೂರು ವಾರ ಕೇಳಿದರೆ ಜ್ವರ ನಿಜವಾಗಿದ್ದರೂ ನಂಬಿಕೆ ಹುಟ್ಟುವುದಿಲ್ಲ. ದಾಖಲೆ ಇದೆ ಎಂದು ತಿಳಿಸಿದರೆ ಸಾಕು, ಕೇಳದೆ ಲಗತ್ತಿಸಬೇಕಿಲ್ಲ.

ಹೇಳಿಕೊಳ್ಳುವಂಥ ಕಾರಣವೇ ಇಲ್ಲದಿದ್ದರೆ? ಕೆಲಸ ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು, ಅಷ್ಟೆ. ಆಗ ಅದನ್ನೇ ಬರೆಯಿರಿ: ‘ಸಂದರ್ಶನಗಳನ್ನು ಬರಹಕ್ಕೆ ಇಳಿಸಲು ನಾನು ಅಂದಾಜಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ನನ್ನ ಲೆಕ್ಕ ತಪ್ಪಿತು.’ ಸಂಶೋಧನೆ ಮಾಡಿದ ಯಾವ ಮೇಷ್ಟ್ರಿಗೂ ಇದು ಹೊಸದಲ್ಲ. ಕಟ್ಟಿದ ಕಾರಣಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಸೆಮಿಸ್ಟರಿನಲ್ಲಿ ಒಬ್ಬರ ಅಜ್ಜಿ ಎರಡು ಸಲ ತೀರಿಕೊಂಡರೆ ಅದು ಸ್ಟಾಫ್ ರೂಮಿನಲ್ಲಿ ಗೊತ್ತಾಗದೆ ಇರುವುದಿಲ್ಲ.

ಉತ್ತರ ಬಂದ ಮೇಲೆ

‘ಆಗಲಿ’ ಎಂದು ಬಂದರೆ ಆ ದಿನವೇ ಒಂದು ಸಾಲು ಬರೆಯಿರಿ: ‘ಧನ್ಯವಾದ ಮೇಡಂ. 21ಕ್ಕೆ ಮೂರು ಅಧ್ಯಾಯ, 29ಕ್ಕೆ ಪೂರ್ಣ ಕರಡು ಕೊಡುತ್ತೇನೆ.’ ನಮ್ಮಲ್ಲಿ ಹೆಚ್ಚಾಗಿ ಬರುವ ಉತ್ತರ ‘ನೋಡೋಣ’ ಅಥವಾ ‘ಬೇಗ ಮುಗಿಸಿ’. ಇದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ‘ಹಾಗಾದರೆ 29ಕ್ಕೆ ತರಲೇ ಮೇಡಂ?’ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಎರಡು ದಿನವಾದರೂ ಉತ್ತರವೇ ಬಾರದಿದ್ದರೆ ವಿಭಾಗಕ್ಕೆ ಹೋಗಿ ಎದುರಿಗೆ ಕೇಳಬೇಕು. ಮೌನವನ್ನು ಒಪ್ಪಿಗೆ ಎಂದು ತಿಳಿದು ಕೂತರೆ ಏಪ್ರಿಲ್ 21 ಹಾಗೆಯೇ ದಾಟಿಹೋಗುತ್ತದೆ.

ಗ್ರಾಹಕರಾದರೆ

ಓದು ಮುಗಿಸಿ ಅನುವಾದವನ್ನೋ ಪುಟವಿನ್ಯಾಸವನ್ನೋ ಕೈಗೆತ್ತಿಕೊಂಡವರಿಗೂ ಇದೇ ಲೆಕ್ಕ, ಇದೇ ಕ್ರಮ. ವ್ಯತ್ಯಾಸ ಇಷ್ಟೇ: ಗೈಡ್ ಕೊಡುವುದು ರಿಯಾಯಿತಿ, ಗ್ರಾಹಕರು ಕೊಡುವುದು ಕರಾರಿನಲ್ಲಿ ಬದಲಾವಣೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮಿನ ಪ್ರಕಾರ ಕೆಲಸ ಯಾರಿಗೆ ಸಲ್ಲಬೇಕೋ ಅವರು ಅವಧಿಯನ್ನು ವಿಸ್ತರಿಸಬಹುದು. ಆದರೆ ಆ ಕೆಲಸದಲ್ಲಿ ಸಮಯವೇ ಮುಖ್ಯವಾಗಿದ್ದು ನೀವು ತಪ್ಪಿದರೆ, 55ನೇ ಕಲಮಿನ ಪ್ರಕಾರ ಅವರು ಕರಾರನ್ನೇ ಬಿಟ್ಟುಬಿಡಬಹುದು. ಸಮ್ಮೇಳನದ ಸ್ಮರಣ ಸಂಚಿಕೆ ಅಂಥ ಕೆಲಸ. ಸಮ್ಮೇಳನ ಮುಗಿದ ಮೇಲೆ ಅದು ಯಾರಿಗೂ ಬೇಡ. ಅಂಥಲ್ಲಿ ದಿನ ಕೇಳುವ ಬದಲು ಪುಟ ಕಡಿಮೆ ಮಾಡುವುದನ್ನೋ, ಮುಗಿದ ಪುಟಗಳನ್ನು ಮೊದಲು ಪ್ರೆಸ್ಸಿಗೆ ಕಳಿಸುವುದನ್ನೋ ಸೂಚಿಸಬೇಕು. ದಿನ ಸಿಕ್ಕರೆ, ಫೋನಿನಲ್ಲಿ ಒಪ್ಪಿದ್ದನ್ನು ಆ ದಿನವೇ ಇಮೇಲ್‌ನಲ್ಲಿ ಬರೆದು ಕಳಿಸಿ. ಬಿಲ್ಲಿನ ಹೊತ್ತಿಗೆ ಆ ಒಂದು ಸಾಲು ಬೇಕಾಗುತ್ತದೆ.

ಹೊಸ ದಿನಾಂಕವನ್ನು ಆರಿಸಿದವರು ನೀವು. ಹಳೆಯದನ್ನು ಬೇರೆಯವರು ಇಟ್ಟಿದ್ದರು, ಇದಕ್ಕೆ ಆ ಮಾತಿಲ್ಲ. ಎರಡನೆಯ ಸಲ ಕೇಳಿದರೆ ಮೊದಲ ಲೆಕ್ಕವೂ ಸುಳ್ಳಾಗುತ್ತದೆ. ಆದ್ದರಿಂದ ಸಂಕೋಚಪಟ್ಟು ನಾಲ್ಕೇ ದಿನ ಕೇಳಬೇಡಿ. ಒಂಬತ್ತು ದಿನದ ಕೆಲಸವಿದ್ದರೆ ಅಷ್ಟಕ್ಕೆ ಸಾಲುವ ದಿನವನ್ನೇ ಕೇಳಿ, ಆ ದಿನ ಕೊಟ್ಟುಬಿಡಿ.