ಪ್ಯಾಕೆಟ್ ಒಡೆದ ಮೇಲೆ ಅದರ ಮೇಲಿನ ತಾರೀಕಿಗೆ ಬೆಲೆಯಿಲ್ಲ

ಕೋಲ್ಡ್ ಸ್ಟೋರೇಜಿನಿಂದ ನಮ್ಮ ಹೋಟೆಲುಗಳಿಗೆ ಬರುವ ಮಾಂಸದ ಪ್ಯಾಕೆಟುಗಳಲ್ಲಿ ಎರಡು ಬಗೆ. ಗಾಳಿಯನ್ನೆಲ್ಲ ಹೀರಿ ತೆಗೆದು, ಪ್ಲಾಸ್ಟಿಕ್ ಮಾಂಸಕ್ಕೆ ಅಂಟಿಕೊಂಡಿರುವಂಥದು ವ್ಯಾಕ್ಯೂಮ್ ಪ್ಯಾಕ್. ಗಾಳಿ ತೆಗೆದು ಬೇರೆ ಅನಿಲ ತುಂಬಿದ, ಉಬ್ಬಿದ ಟ್ರೇಯಂಥದು ಗ್ಯಾಸ್ ಪ್ಯಾಕ್.

ಫ್ರಿಜ್ಜಿನಲ್ಲಿಟ್ಟ ಮಾಂಸವನ್ನು ಬೇಗ ಹಾಳುಮಾಡುವ ಕ್ರಿಮಿಗಳಿಗೆ ಆಮ್ಲಜನಕ ಬೇಕು. ವ್ಯಾಕ್ಯೂಮ್ ಪ್ಯಾಕಿನಲ್ಲಿ ಅದು ಸಿಗದೆ ಅವು ಸುಮ್ಮನಾಗುತ್ತವೆ. ಗ್ಯಾಸ್ ಪ್ಯಾಕಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಮಾಂಸದ ತೇವದಲ್ಲಿ ಕರಗಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಯಾವ ಕ್ರಿಮಿಯೂ ಸತ್ತಿರುವುದಿಲ್ಲ. ಕತ್ತರಿ ಹಾಕಿದ ಕ್ಷಣದಿಂದ ಅದು ಮಾಮೂಲಿ ಮಾಂಸವೇ.

ನಮ್ಮ ಅಡುಗೆಮನೆಯಲ್ಲೇ ಆದ ಒಂದು ಪ್ರಸಂಗ ಹೇಳುತ್ತೇವೆ. 5 ಕಿಲೋ ಮಟನ್ನಿನ ವ್ಯಾಕ್ಯೂಮ್ ಪ್ಯಾಕಿನ ಮೇಲೆ 18ನೇ ತಾರೀಕು ಇತ್ತು. 8ರಂದು ಒಡೆದು ಅರ್ಧ ಬಳಸಿ, ಉಳಿದದ್ದನ್ನು ಅದೇ ಪ್ಲಾಸ್ಟಿಕ್ಕಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟರು. 14ರಂದು ತೆಗೆದಾಗ ಮಾಂಸ ಕೈಗೆ ಲೋಳೆಯಾಗಿ ಅಂಟಿತು. "ತಾರೀಕು ಇನ್ನೂ ಇದೆಯಲ್ಲ, ಯಜಮಾನ್ರೇ" ಎಂದರು ನಮ್ಮ ಕುಕ್. ಎರಡೂವರೆ ಕಿಲೋ ಕಸಕ್ಕೆ ಹೋಯಿತು. ತಪ್ಪು ಅವರದಲ್ಲ, ಆ ತಾರೀಕು ಮುಚ್ಚಿದ ಪ್ಯಾಕೆಟಿಗೆ ಮಾತ್ರ ಎಂದು ನಾವೇ ಹೇಳಿಕೊಟ್ಟಿರಲಿಲ್ಲ.

ಈಗ ಒಡೆದ ದಿನವನ್ನೂ ಹೊತ್ತನ್ನೂ ಚೀಟಿಯಲ್ಲಿ ಬರೆದು ಅಂಟಿಸುತ್ತೇವೆ. ಉಳಿದ ಮಾಂಸವನ್ನು ಸೋರಿದ ರಸ ಬಸಿದು, ಮುಚ್ಚಳವಿರುವ ಶುಚಿಯಾದ ಡಬ್ಬಕ್ಕೆ ಹಾಕಿ, 4 ಡಿಗ್ರಿಗಿಂತ ಕೆಳಗೆ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡುತ್ತೇವೆ. ಕೋಳಿಯಾದರೆ ಮರುದಿನದೊಳಗೆ, ಮಟನ್ ಆದರೆ ಎರಡು ದಿನದೊಳಗೆ ಮುಗಿಸುತ್ತೇವೆ. ಲೇಬಲ್ಲಿನಲ್ಲಿ ಇದಕ್ಕಿಂತ ಕಡಿಮೆ ಅವಧಿ ಬರೆದಿದ್ದರೆ ಅದೇ ಲೆಕ್ಕ.

ವ್ಯಾಕ್ಯೂಮ್ ಪ್ಯಾಕ್ ಒಡೆದಾಗ ಮಟನ್ ಕಪ್ಪು ಕೆಂಪಾಗಿದ್ದು, ಒಂದು ಬಗೆಯ ಮುಗ್ಗುವಾಸನೆ ಬಂದರೆ ಕೂಡಲೇ ಸಪ್ಲೈಯರ್ ಮೇಲೆ ರೇಗಬೇಡಿ. ಗಾಳಿಯಿಲ್ಲದೆ ಕೂತ ಮಾಂಸ ಹಾಗೇ ಇರುತ್ತದೆ. ಹದಿನೈದು ಇಪ್ಪತ್ತು ನಿಮಿಷ ತಟ್ಟೆಯಲ್ಲಿಟ್ಟರೆ ವಾಸನೆ ಹೋಗಿ ಕೆಂಪು ಬಣ್ಣ ಮರಳುತ್ತದೆ. ಆಮೇಲೂ ಹುಳಿ ಅಥವಾ ಕೊಳೆತ ವಾಸನೆ ಉಳಿದರೆ, ಲೋಳೆಯಿದ್ದರೆ ಬೇಡ. ಅಂಟಿಕೊಂಡಿರಬೇಕಾದ ವ್ಯಾಕ್ಯೂಮ್ ಪ್ಯಾಕ್ ಬಲೂನಿನಂತೆ ಉಬ್ಬಿದ್ದರೆ ಒಡೆಯದೆಯೇ ವಾಪಸು ಕಳಿಸಿ.

ಮೂಗಿಗೆ ಸಿಗದ ಅಪಾಯವೂ ಒಂದಿದೆ. ಬೊಟುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಿಸುವ ಕ್ರಿಮಿಗೆ ಗಾಳಿಯಿಲ್ಲದ ಜಾಗವೇ ಇಷ್ಟ. ಅದರ ಒಂದು ಜಾತಿ 3 ಡಿಗ್ರಿಯಷ್ಟು ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು, ವಾಸನೆ ಬಾರದಿರಲೂಬಹುದು. ಆದ್ದರಿಂದ ಮುಚ್ಚಿದ ಪ್ಯಾಕನ್ನು ಒಲೆಯ ಪಕ್ಕ ಗಂಟೆಗಟ್ಟಲೆ ಇಡಬಾರದು. ಫ್ರೀಜರಿನದನ್ನು ಫ್ರಿಜ್ಜಿನಲ್ಲೇ ಕರಗಿಸಬೇಕು. ಸ್ವಂತ ವ್ಯಾಕ್ಯೂಮ್ ಮೆಷಿನ್ ಇರುವವರು ಉಳಿದ ಮಾಂಸವನ್ನು ಮತ್ತೆ ಪ್ಯಾಕ್ ಮಾಡಿ ಹಳೆಯ ತಾರೀಕನ್ನೇ ಅಂಟಿಸುವುದುಂಟು. ಹಾಗೆ ಮಾಡಬೇಡಿ; ಮೊದಲ ಸಲ ಒಡೆದ ದಿನದಿಂದಲೇ ಎಣಿಸಿ.