ಎಂಟಡಿ ಟ್ರೆಂಚ್‌ಗೆ ಇಳಿಯುವವನ ಹಕ್ಕು

ವಿಜಯಪುರದಲ್ಲಿ ಒಳಚರಂಡಿ ಪೈಪ್ ಹಾಕಿಸುವ ನಮಗೆ ಮೊದಲು ಭಯ ಹುಟ್ಟಿಸುವುದು ಎರಿ ಮಣ್ಣು. ತಿಕೋಟಾ ಇರಲಿ, ಬಬಲೇಶ್ವರ ಇರಲಿ, ಈ ಮಣ್ಣು ಒಣಗಿದರೆ ಬಿರಿಯುತ್ತದೆ. ಬಿರುಕಿನಲ್ಲಿ ನೀರಿಳಿದರೆ ಹೆಂಟೆ ಹೆಂಟೆಯಾಗಿ ಜಾರುತ್ತದೆ. ಜೆಸಿಬಿ ತೋಡಿದ ಗೋಡೆ ನೆಟ್ಟಗೆ ನಿಂತಿತೆಂದು ‘ಗಟ್ಟಿ ಐತಿ, ಇಳೀರಿ’ ಅನ್ನುವ ಮೇಸ್ತ್ರಿಗಳಿಗೆ ಕಡಿಮೆ ಇಲ್ಲ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ ದಾಟುತ್ತದೆ. ಎದೆಮಟ್ಟ ಹೂತವನಿಗೆ ತಲೆ ಹೊರಗಿದ್ದರೂ ಉಸಿರೆಳೆಯಲು ಆಗುವುದಿಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮ ಸರಳವಾಗಿದೆ. ಆಳ 1.5 ಮೀಟರ್ ಆದರೆ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ-ಅಡ್ಡತೊಲೆಗಳಿಂದ ಬಿಗಿಯಬೇಕು. 1.2 ಮೀಟರ್‌ನಿಂದಲೇ ಏಣಿ ಬೇಕು. ತೋಡಿದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರದಲ್ಲಿರಬೇಕು. ಎಂಟಡಿ, ಅಂದರೆ ಸುಮಾರು 2.4 ಮೀಟರ್ ಟ್ರೆಂಚ್‌ಗೆ ಅರ್ಧ 1.2, ಹಾಗಾಗಿ 1.5 ಮೀಟರೇ ಲೆಕ್ಕ. ಊರೊಳಗಿನ ಓಣಿಯಲ್ಲಿ ಅಷ್ಟು ಜಾಗ ಎಲ್ಲಿ ಎಂದರೆ, ಮಣ್ಣನ್ನು ಟಿಪ್ಪರ್‌ನಲ್ಲಿ ಸಾಗಿಸಬೇಕು. ಆ ಬಾಡಿಗೆ ಉಳಿಸಲು ಹೋಗಿಯೇ ಅಂಚಿನಲ್ಲಿ ಗುಡ್ಡೆ ಬೀಳುತ್ತದೆ. ಅಂಚಿಗೆ ಸಮನಾಗಿ ಉದ್ದದ ಬಿರುಕು ಕಂಡರೆ, ತಳದಲ್ಲಿ ನೀರು ಜಿನುಗಿದರೆ, ಮೇಲಿಂದ ಸಣ್ಣ ಹೆಂಟೆ ಉದುರಿದರೆ ಯಾರ ಅಪ್ಪಣೆಗೂ ಕಾಯದೆ ಮೇಲೆ ಬನ್ನಿ.

ಕುಸಿದಾಗ ಎಲ್ಲರೂ ಒಟ್ಟಿಗೆ ಕೆಳಗೆ ಹಾರುತ್ತಾರೆ. ಎರಡನೇ ಕುಸಿತ ಅವರನ್ನೇ ಹೂಳುತ್ತದೆ. ಯಂತ್ರ ನಿಲ್ಲಿಸಿ, ಜನರನ್ನು ಅಂಚಿನಿಂದ ಸರಿಸಿ, 112ಕ್ಕೆ ಕರೆ ಮಾಡಿ, ವ್ಯಕ್ತಿ ಕೊನೆಗೆ ನಿಂತಿದ್ದ ಜಾಗ ಗುರುತಿಸಿ. ಹಲಗೆ ಕೊಟ್ಟ ಮೇಲೆ ಇಳಿದು, ಕೈಯಿಂದಲೇ ಮೊದಲು ಮುಖ, ಆಮೇಲೆ ಎದೆ ಬಿಡಿಸಬೇಕು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಪಕ್ಕದಲ್ಲಿ ಯಂತ್ರದಿಂದ ಗುಂಡಿ ತೋಡಿ ಬದುಕಿಸಿದ್ದನ್ನು ನೋಡಿದವರು ಇಲ್ಲೂ ಜೆಸಿಬಿ ತರಲು ಹೇಳುತ್ತಾರೆ. ಆದರೆ ಸಡಿಲ ಮಣ್ಣಿನಲ್ಲಿ ಬಕೆಟ್ ಹೂತವನಿಗೇ ತಾಗಬಹುದು.

ಸಾವಾದರೆ ಗುತ್ತಿಗೆದಾರರು ಮನೆಗೆ ಬಂದು ಒಂದಿಷ್ಟು ದುಡ್ಡಿಟ್ಟು ಸಹಿ ಕೇಳುವುದುಂಟು. ಆ ಕಾಗದದಿಂದ ಹಕ್ಕು ಮುಗಿಯುವುದಿಲ್ಲ; ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮೊತ್ತವೆಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ ಗುಣಿಸಿದ್ದು. ಕೂಲಿ 15,000, ವಯಸ್ಸು 30 ಆದರೆ 7,500 × 207.98, ಅಂದರೆ 15,59,850 ರೂಪಾಯಿ. ಉಪಗುತ್ತಿಗೆದಾರ ಕೈ ಎತ್ತಿದರೂ ಕೆಲಸ ವಹಿಸಿದ ಮೂಲ ಮಾಲೀಕನ ಹೊಣೆ ತಪ್ಪುವುದಿಲ್ಲ. 1923ರ ಪರಿಹಾರ ಕಾಯ್ದೆಯ ಈ ತತ್ವಗಳೇ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ನಿರ್ಲಕ್ಷ್ಯದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಡಿ ಪ್ರಕರಣ ಬೇರೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಟ್ರೆಂಚ್ ಮುಚ್ಚುವ ಮುನ್ನ ಆಳ ಅಳೆದು ತೆಗೆದ ಫೋಟೊ ಜೋಪಾನ ಮಾಡಿ.

ಅರ್ಜಿಗೆ ಎರಡು ವರ್ಷ ಗಡುವಿದೆ. ವಕೀಲರಿಗೆ ಹಣವಿಲ್ಲದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಅಲ್ಲಿ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ.