ಕೈ ಸಿಕ್ಕಿತೋ, ಸಿಕ್ಕಿಸಿಕೊಂಡರೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಇರುವ ಒಂದು ಕಾರ್ಖಾನೆಯಲ್ಲಿ ನೀವು ಹೊಸದಾಗಿ ಸೂಪರ್‌ವೈಸರ್ ಆಗಿದ್ದೀರಿ ಎಂದುಕೊಳ್ಳಿ. ಊಟದ ಬೆಲ್ಲಿಗೆ ಮುಂಚೆ ಪ್ರೆಸ್ ವಿಭಾಗದ ಒಬ್ಬ ಆಪರೇಟರ್‌ಗೆ ಪೆಟ್ಟಾಗಿದೆ. ಅವರನ್ನು ಆಸ್ಪತ್ರೆಗೆ ಸೇರಿಸಿ ಬಂದಿದ್ದೀರಿ. ಮ್ಯಾನೇಜರ್ ನಿಮ್ಮ ಕೈಗೆ ಒಂದು ಹಾಳೆ ಕೊಟ್ಟು, ‘ಏನಾಯಿತು ಬರೆದುಕೊಡಿ’ ಎನ್ನುತ್ತಾರೆ. ಆ ಹಾಳೆಯ ಮೇಲೆ ಕಾರ್ಮಿಕ ಮಾಡಿದ್ದನ್ನು ಯಾವ ಮಾತಿನಲ್ಲಿ ಬರೆಯಬೇಕು ಎಂಬುದಷ್ಟೇ ಈ ಲೇಖನದ ವಿಷಯ. ನಿಮಗೆ ಕಾನೂನು ತಿಳಿದಿರಬೇಕಿಲ್ಲ. ನಾವು ದಿನವೂ ಬಳಸುವ ಕನ್ನಡದ ನಾಲ್ಕು ಮಾತುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸಾಕು.

ಮೊದಲು, ಅಪಘಾತ ವರದಿ ಎಂದರೇನು? ಆದದ್ದನ್ನು ಆದ ಹಾಗೆ ದಾಖಲಿಸಿ, ಅದು ಏಕೆ ಆಯಿತೆಂದು ಹುಡುಕಲು ದಾರಿ ಮಾಡಿಕೊಡುವ ಬರಹ. 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ಒಂದು ನಿಯಮವಿದೆ: ಪೆಟ್ಟಾದವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಸರ್ಕಾರಿ ಅಧಿಕಾರಿಗಳಿಗೆ ಸೂಚನೆ ಕಳಿಸಬೇಕು. ಆ ಸೂಚನೆಯೂ ಆಮೇಲಿನ ವಿಚಾರಣೆಯೂ ನೀವು ಮೊದಲ ದಿನ ಬರೆದ ನಾಲ್ಕು ಸಾಲಿನ ಮೇಲೆಯೇ ನಿಲ್ಲುತ್ತವೆ. ಯಾರ ತಪ್ಪು ಎಂದು ತೀರ್ಮಾನಿಸುವುದು ಆ ನಾಲ್ಕು ಸಾಲಿನ ಕೆಲಸವಲ್ಲ.

ಪಾಠಕ್ಕಾಗಿ ನಾನೇ ಕಟ್ಟಿದ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಅದಕ್ಕೆ ಯಂತ್ರದ ಅಲ್ಪ ಪರಿಚಯ ಬೇಕು. ಪವರ್ ಪ್ರೆಸ್ ಎಂಬುದು ತಗಡನ್ನು ಒತ್ತಿ ಆಕಾರ ಕೊಡುವ ಯಂತ್ರ. ಕೆಳಗೆ ಅಚ್ಚು ಇರುತ್ತದೆ. ಅದಕ್ಕೆ ಡೈ ಎನ್ನುತ್ತಾರೆ. ಮೇಲಿನಿಂದ ಇಳಿದು ಒತ್ತುವ ಭಾರವಾದ ಭಾಗಕ್ಕೆ ರಾಮ್ ಎಂದು ಹೆಸರು. ಆಪರೇಟರ್ ತಗಡಿನ ತುಂಡನ್ನು ಡೈ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ರಾಮ್ ಇಳಿದು ಮತ್ತೆ ಮೇಲೇರುತ್ತದೆ. ಹಳೆಯ ಮಾದರಿಯ ಪ್ರೆಸ್‌ಗಳಲ್ಲಿ ರಾಮ್ ಒಮ್ಮೆ ಹೊರಟರೆ ನಡುವೆ ನಿಲ್ಲಿಸಲು ಬರುವುದಿಲ್ಲ. ಸುತ್ತು ಮುಗಿಸಿಯೇ ನಿಲ್ಲುತ್ತದೆ. ಕೈ ಒಳಗೆ ಹೋಗದಂತೆ ಮುಂದೆ ಒಂದು ತಡೆ ಇರುತ್ತದೆ, ಅದೇ ಗಾರ್ಡ್. ಡೈಗೆ ಅಂಟಿದ ತುಂಡನ್ನು ತೆಗೆಯಲು ಉದ್ದ ಹಿಡಿಯ ಇಕ್ಕಳ ಕೊಟ್ಟಿರುತ್ತಾರೆ.

ಈಗ ಹೊಸ ಸೂಪರ್‌ವೈಸರ್ ಒಬ್ಬರು ಬರೆದ ವರದಿ ಹೀಗಿದೆ ಎಂದುಕೊಳ್ಳಿ:

“ಆಪರೇಟರ್ ಅಜಾಗರೂಕತೆಯಿಂದ, ಮಷೀನ್ ನಿಲ್ಲಿಸದೆ, ಡೈ ಒಳಗೆ ಕೈ ಹಾಕಿ ಬೆರಳು ಕತ್ತರಿಸಿಕೊಂಡಿದ್ದಾನೆ. ಇಕ್ಕಳ ಬಳಸಬೇಕಿತ್ತು. ಮುಂದೆ ಜಾಗರೂಕನಾಗಿರಲು ಎಚ್ಚರಿಕೆ ಕೊಡಲಾಗಿದೆ.”

ಬರೆದವರಿಗೆ ಆಪರೇಟರ್ ಮೇಲೆ ದ್ವೇಷವೇನೂ ಇಲ್ಲ. ವರದಿ ಎಂದರೆ ಹೀಗೇ ಇರುತ್ತದೆ ಎಂದು ಅವರು ತಿಳಿದಿದ್ದಾರೆ, ಅಷ್ಟೆ. ಇದರಲ್ಲಿ ನಾಲ್ಕು ಮಾತುಗಳ ಕೆಳಗೆ ಗೆರೆ ಎಳೆಯಿರಿ.

ಮೊದಲನೆಯದು ‘ಅಜಾಗರೂಕತೆಯಿಂದ’. ಕೈ ಒಳಗೆ ಹೋದದ್ದನ್ನು ಪಕ್ಕದವರು ಕಣ್ಣಾರೆ ಕಂಡಿರಬಹುದು. ಅಜಾಗರೂಕತೆಯನ್ನು ಯಾರೂ ಕಂಡಿಲ್ಲ. ಅದು ಇನ್ನೊಬ್ಬರ ಮನಸ್ಸಿನ ಬಗ್ಗೆ ನಾವು ಮಾಡಿದ ಊಹೆ. ಒಂದು ಸುಲಭವಾದ ಪರೀಕ್ಷೆ ಇದೆ: ‘ಇದನ್ನು ಕ್ಯಾಮೆರಾ ತೋರಿಸಬಲ್ಲದೇ?’ ಎಂದು ಕೇಳಿಕೊಳ್ಳಿ. ಕೈ, ಪೆಡಲ್, ಹೊತ್ತು, ದೂರ, ಇವನ್ನು ಕ್ಯಾಮೆರಾ ತೋರಿಸಬಲ್ಲದು. ನಿರ್ಲಕ್ಷ್ಯ, ಉದಾಸೀನ, ಅವಸರ, ಇವನ್ನು ತೋರಿಸಲಾರದು. ತೋರಿಸಲಾಗದ ಪದವನ್ನು ಹೊಡೆದುಹಾಕಿ.

ಎರಡನೆಯದು ‘ನಿಲ್ಲಿಸದೆ’. ‘-ದೆ’ ಎಂದು ಮುಗಿಯುವ ರೂಪ, ನಡೆಯದ ಸಂಗತಿಯನ್ನು ಹೇಳುತ್ತದೆ: ನೋಡದೆ, ಕೇಳದೆ, ಹೇಳದೆ. ಆಗದೇ ಇದ್ದ ಸಂಗತಿಗಳು ಸಾವಿರ ಇರುತ್ತವೆ. ಆ ಸಾವಿರದಲ್ಲಿ ಇದೊಂದನ್ನೇ ಹೆಕ್ಕಿ ಬರೆದಾಗ, ಅದು ಅವರು ಮಾಡಲೇಬೇಕಿದ್ದ ಕೆಲಸ ಎಂಬ ಆರೋಪ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ಬದಲಿಗೆ ನಡೆದದ್ದನ್ನು ಬರೆಯಿರಿ: ‘ಆ ಹೊತ್ತಿನಲ್ಲಿ ಮೋಟರ್ ಚಾಲನೆಯಲ್ಲಿತ್ತು.’ ಅದರ ಬೆನ್ನಿಗೇ ಒಂದು ಪ್ರಶ್ನೆ ಹುಟ್ಟುತ್ತದೆ: ಈ ವಿಭಾಗದಲ್ಲಿ ಅಂಟಿದ ತುಂಡು ತೆಗೆಯುವಾಗ ಪ್ರತಿ ಸಲವೂ ಮೋಟರ್ ನಿಲ್ಲಿಸುತ್ತಾರೆಯೇ? ಗಂಟೆಗೆ ಹತ್ತು ಸಲ ತುಂಡು ಅಂಟುತ್ತಿದ್ದರೆ ಯಾರೂ ನಿಲ್ಲಿಸುತ್ತಿರಲಿಕ್ಕಿಲ್ಲ.

ಮೂರನೆಯದು ‘ಬಳಸಬೇಕಿತ್ತು’. ಅಪಘಾತ ಆದ ಮೇಲೆ ನಿಂತು ನೋಡುವ ನಮಗೆ ಸರಿಯಾದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ಪ್ರೆಸ್ ಮುಂದೆ ನಿಂತವರಿಗೆ ಹಾಗೆ ಕಂಡಿರಲಿಲ್ಲ. ಕಂಡಿದ್ದರೆ ಕೈ ಹಾಕುತ್ತಲೇ ಇರಲಿಲ್ಲ. ‘ಬೇಕಿತ್ತು’ ಎಂದು ಬರೆದ ಕೂಡಲೇ ನಾವು ನಡೆದ ಕಥೆಯನ್ನು ಬಿಟ್ಟು, ನಡೆಯದ ಇನ್ನೊಂದು ಕಥೆ ಹೇಳತೊಡಗುತ್ತೇವೆ. ಅಲ್ಲಿಗೆ ‘ಇಕ್ಕಳ ಆಗ ಎಲ್ಲಿತ್ತು?’ ಎಂಬ ಪ್ರಶ್ನೆ ಸತ್ತುಹೋಗುತ್ತದೆ.

ನಾಲ್ಕನೆಯದು ಬಹಳ ಸೂಕ್ಷ್ಮವಾದದ್ದು: ‘ಕತ್ತರಿಸಿಕೊಂಡಿದ್ದಾನೆ’. ಕನ್ನಡದ ‘ಕೊಳ್ಳು’ ಎಂಬ ಕ್ರಿಯೆ ಬೇರೆ ಕ್ರಿಯೆಗೆ ಅಂಟಿದಾಗ, ಎಷ್ಟೋ ಕಡೆ, ಆ ಕೆಲಸವನ್ನು ತನಗೆ ತಾನೇ ಮಾಡಿಕೊಂಡ ಎಂಬ ಅರ್ಥ ಕೊಡುತ್ತದೆ: ತಲೆ ಬಾಚಿಕೊಂಡ, ಅಂಗಿ ಹಾಕಿಕೊಂಡ. ಅದೇ ಸಾಲಿನಲ್ಲಿ ‘ಬೆರಳು ಕತ್ತರಿಸಿಕೊಂಡ’ ಎಂದರೆ ಪ್ರೆಸ್ ಚಿತ್ರದಿಂದಲೇ ಮಾಯವಾಗುತ್ತದೆ. ಆಸ್ಪತ್ರೆಯಲ್ಲಿ ಆ ಆಪರೇಟರ್ ಹೇಳಿದ ಮಾತನ್ನು ಕೇಳಿ: “ಪೀಸ್ ಅಂಟಿತ್ರಿ, ತಗಿಯಾಕ ಹೋದ್ನಿ, ಅಷ್ಟರಾಗ ರಾಮ್ ಬಂತು, ಕೈ ಸಿಕ್ತ್ರಿ.” ‘ಕೈ ಸಿಕ್ತ್ರಿ’ ಎಂಬ ಧಾರವಾಡ ಕಡೆಯ ಆಡುಮಾತೇ ತಟಸ್ಥವಾಗಿದೆ, ಯಾರ ಮೇಲೂ ಹೊರೆ ಹೊರಿಸದೆ ಆದದ್ದನ್ನು ಹೇಳಿದೆ. ಅದನ್ನು ಕಾಗದಕ್ಕೆ ಇಳಿಸುವಾಗ ‘ಸಿಕ್ಕಿಸಿಕೊಂಡ’, ‘ಕತ್ತರಿಸಿಕೊಂಡ’ ಎಂದು ತಿದ್ದಿದವರು ನಾವು. ‘ಇದ್ದಾನೆ’ ಎಂಬ ಏಕವಚನವೂ ನಮ್ಮದೇ. ಅದೇ ವರದಿಯಲ್ಲಿ ಮ್ಯಾನೇಜರ್ ‘ಬಂದರು’, ‘ನೋಡಿದರು’ ಎಂದಿದ್ದರೆ, ಆಪರೇಟರ್‌ಗೂ ಬಹುವಚನವೇ ಸಲ್ಲಬೇಕು.

ಇದನ್ನೆಲ್ಲ ಕೇಳಿಸಿಕೊಂಡ ಸೂಪರ್‌ವೈಸರ್ ಎರಡನೆಯ ಸಲ ಬರೆದು ತಂದರು:

“ಬೆಳಿಗ್ಗೆ 11.40ಕ್ಕೆ ಡೈಗೆ ಅಂಟಿದ ತುಂಡನ್ನು ತೆಗೆಯಲಾಗುತ್ತಿತ್ತು. ರಾಮ್ ಇಳಿದು ಬೆರಳಿಗೆ ಪೆಟ್ಟಾಗಿದೆ. ಗಾರ್ಡ್ ತೆಗೆಯಲಾಗಿತ್ತು. ಇಕ್ಕಳ ಲಭ್ಯವಿರಲಿಲ್ಲ.”

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ದೂಷಣೆ ಹೋಗಿದೆ, ಜೊತೆಗೆ ಮನುಷ್ಯರೂ ಹೋಗಿದ್ದಾರೆ. ‘ತೆಗೆಯಲಾಗುತ್ತಿತ್ತು’, ‘ತೆಗೆಯಲಾಗಿತ್ತು’ ಎಂಬ ರೂಪಗಳಲ್ಲಿ ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಕಚೇರಿ ಕನ್ನಡದಲ್ಲಿ ಇವು ಬಲು ಸಲೀಸಾಗಿ ಬಂದುಬಿಡುತ್ತವೆ. ತಟಸ್ಥ ಎಂದರೆ ಮನುಷ್ಯರನ್ನು ಅಳಿಸುವುದಲ್ಲ. ಯಾರು, ಯಾವ ಕೈಯಿಂದ, ಯಾವಾಗ, ಏನು ಮಾಡಿದರು ಎಂಬುದು ವರದಿಯಲ್ಲಿ ಇರಲೇಬೇಕು. ಅದರ ಮೇಲಿನ ತೀರ್ಪು ಮಾತ್ರ ಬೇಡ. ಈ ನಿಯಮ ಎಲ್ಲರಿಗೂ ಒಂದೇ. ಆಪರೇಟರ್ ಬಗ್ಗೆ ‘ಕೈ ಹಾಕಿದರು’ ಎಂದು ನೇರವಾಗಿ ಬರೆದು, ಮೇಲಿನವರ ಬಗ್ಗೆ ‘ತೆಗೆಯಲಾಗಿತ್ತು’ ಎಂದು ಮುಸುಕು ಹಾಕಿದರೆ, ಅದೂ ದೂಷಣೆಯ ಇನ್ನೊಂದು ರೂಪವೇ.

ಮೂರನೆಯ ಬರಹವನ್ನು ನೋಡಿ:

“ಬೆಳಿಗ್ಗೆ 11.40ಕ್ಕೆ ಆಪರೇಟರ್ ಡೈಗೆ ಅಂಟಿದ ತುಂಡನ್ನು ಬಲಗೈಯಿಂದ ತೆಗೆಯುತ್ತಿದ್ದರು. ಮೋಟರ್ ಚಾಲನೆಯಲ್ಲಿತ್ತು. ರಾಮ್ ಇಳಿಯಿತು, ಅವರ ತೋರುಬೆರಳು ಡೈ ಮತ್ತು ರಾಮ್ ನಡುವೆ ಸಿಕ್ಕಿತು. ಆಗ ಅವರ ಕಾಲು ಪೆಡಲ್ ಮೇಲಿತ್ತೇ ಎಂಬುದು ಇನ್ನೂ ಖಚಿತವಾಗಿಲ್ಲ. ಬೆಳಿಗ್ಗೆ 8ಕ್ಕೆ ಡೈ ಬದಲಿಸಿದ ಸೆಟ್ಟರ್ ಮುಂದಿನ ಗಾರ್ಡ್ ಬಿಚ್ಚಿದರು. ಅದನ್ನು ಮತ್ತೆ ಯಾರು ಕೂರಿಸಬೇಕೆಂಬುದು ಕೆಲಸದ ಹಾಳೆಯಲ್ಲಿ ಇಲ್ಲ. ವಿಭಾಗದ ಎರಡು ಪ್ರೆಸ್‌ಗಳಿಗೆ ಒಂದೇ ಇಕ್ಕಳ ಇದೆ. ಆ ಹೊತ್ತಿನಲ್ಲಿ ಅದು ಇನ್ನೊಂದು ಪ್ರೆಸ್‌ನಲ್ಲಿ ಬಳಕೆಯಲ್ಲಿತ್ತು.”

ಮೊದಲ ವರದಿಯಿಂದ ಹೊರಟ ಪರಿಹಾರ ಒಂದೇ: ಎಚ್ಚರಿಕೆ. ಇದರಿಂದ ಮೂರು ಕೆಲಸ ಹೊರಟವು: ಗಾರ್ಡ್ ಕೂರಿಸುವ ಹೊಣೆಯನ್ನು ಹಾಳೆಯಲ್ಲಿ ಬರೆಯುವುದು, ಇನ್ನೊಂದು ಇಕ್ಕಳ ತರುವುದು, ತುಂಡು ಏಕೆ ಅಂಟುತ್ತದೆಂದು ಡೈ ಪರೀಕ್ಷಿಸುವುದು. ‘ಖಚಿತವಾಗಿಲ್ಲ’ ಎಂಬ ಸಾಲನ್ನೂ ಗಮನಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದರೆ, ಆ ಜಾಗದಲ್ಲಿ ಊಹೆ ಬಂದು ಕೂರುವುದಿಲ್ಲ.

ಇದೇ ಶಿಸ್ತು ನಮ್ಮೂರಿನ ರೈಲಿಗೆ ಸಂಬಂಧಿಸಿದ ಪದವೊಂದರಲ್ಲೂ ಇದೆ. 2012ರ ಮೇ 22ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್, ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರೈಲು ಕೆಂಪು ಸಿಗ್ನಲ್ ದಾಟಿ ಬಂದಿತ್ತೆಂದು ಆಗಲೇ ಸುದ್ದಿಯಾಯಿತು. ಇಂಥ ಘಟನೆಯನ್ನು ರೈಲ್ವೆಯವರು ‘ಸ್ಪ್ಯಾಡ್’ ಎಂದು ಕರೆಯುತ್ತಾರೆ. ಅಪಾಯ ತೋರಿಸುತ್ತಿದ್ದ ಸಿಗ್ನಲ್ ಅನ್ನು ರೈಲು ದಾಟಿತು ಎಂಬುದಷ್ಟೇ ಅದರ ಅರ್ಥ. ಬ್ರೇಕ್ ಹಿಡಿಯಿತೇ, ಸಿಗ್ನಲ್ ಕಾಣುತ್ತಿತ್ತೇ, ಚಾಲಕರು ಎಷ್ಟು ಹೊತ್ತಿನಿಂದ ಕೆಲಸದಲ್ಲಿದ್ದರು ಎಂಬ ಪ್ರಶ್ನೆಗಳೆಲ್ಲ ಆ ಪದದ ಆಚೆಗೆ ತೆರೆದೇ ಇರುತ್ತವೆ. ಅದೇ ಘಟನೆಗೆ ‘ಚಾಲಕರ ನಿರ್ಲಕ್ಷ್ಯ’ ಎಂದು ಹೆಸರಿಟ್ಟಿದ್ದರೆ, ವಿಚಾರಣೆಗೆ ಮೊದಲೇ ಉತ್ತರ ಬಂದಂತಾಗುತ್ತಿತ್ತು.

ನಿಮಗೊಂದು ಸಂಶಯ ಬರಬಹುದು: ಯಾರಾದರೂ ಬೇಕೆಂದೇ ನಿಯಮ ಮುರಿದಿದ್ದರೆ? ಆಗಲೂ ಕ್ರಮ ಇದೇ. ‘ಬೆಳಿಗ್ಗೆ 9ಕ್ಕೆ ಸೂಪರ್‌ವೈಸರ್ ಗಾರ್ಡ್ ಹಾಕಲು ಹೇಳಿದರು, 9.30ಕ್ಕೆ ಆಪರೇಟರ್ ಅದನ್ನು ಬಿಚ್ಚಿದರು’ ಎಂದು ಸಂಗತಿಯನ್ನು ಬರೆಯಿರಿ. ‘ಬೇಕೆಂದೇ’ ಎಂಬ ಪದ ಬೇಡ. ಆ ಪದದ ತೂಕ ದೊಡ್ಡದು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ 1923ರಿಂದಲೂ ಒಂದು ಅಂಶವಿದೆ: ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಕಾರ್ಮಿಕ ಉದ್ದೇಶಪೂರ್ವಕವಾಗಿ ಮೀರಿದ್ದರಿಂದ, ಅಥವಾ ಗಾರ್ಡನ್ನು ಉದ್ದೇಶಪೂರ್ವಕವಾಗಿ ತೆಗೆದದ್ದರಿಂದ ಗಾಯವಾದರೆ, ಮಾಲೀಕರು ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಮಾತ್ರ ಆ ದಾರಿ ಇಲ್ಲ. ಹಾಗಾಗಿ ನೀವು ಅಂದಾಜಿನಲ್ಲಿ ಬರೆದ ಒಂದೇ ಪದ ಒಂದು ಮನೆಯ ಹಣವನ್ನು ಕಿತ್ತುಕೊಳ್ಳಬಲ್ಲದು. ಉದ್ದೇಶವನ್ನು ತೀರ್ಮಾನಿಸುವವರು ಬೇರೆ ಇದ್ದಾರೆ. ಅವರಿಗೆ ಸಂಗತಿ ಸಾಕು.

ಕಡೆಯ ಹೆಜ್ಜೆ ಒಂದಿದೆ. ಬರೆದದ್ದನ್ನು ಪೆಟ್ಟಾದವರ ಮುಂದೆ ಕೂತು ಓದಿ ಹೇಳಿ. ಮೊದಲ ವರದಿಯನ್ನು ಓದಿದ್ದರೆ ನಮ್ಮ ಆಪರೇಟರ್ ತಲೆ ತಗ್ಗಿಸಿ, ‘ಹೌದ್ರಿ, ನಂದs ತಪ್ಪು’ ಎಂದು ಸುಮ್ಮನಾಗುತ್ತಿದ್ದರು. ಮೂರನೆಯದನ್ನು ಓದಿದಾಗ, ಪೆಡಲ್ ಮಾತು ಬಂದ ಕಡೆ ಅವರು ತಡೆದರು: “ಕಾಲು ತಗದಿದ್ನಿರಿ. ಆ ಪ್ರೆಸ್ ಹ್ವಾದ ವಾರಾನೂ ಒಮ್ಮೆ ಒತ್ತಿದ್ರ ಎರಡು ಸಲ ಬಡದಿತ್ತು.” ತಿರುಗುವ ಚಕ್ರಕ್ಕೆ ರಾಮನ್ನು ಜೋಡಿಸುವ ಕ್ಲಚ್ ಸವೆದಾಗ, ಯಾರೂ ಒತ್ತದಿದ್ದರೂ ರಾಮ್ ಇನ್ನೊಮ್ಮೆ ಇಳಿಯಬಹುದು. ಅವರ ಮಾತನ್ನು ವರದಿಗೆ ಸೇರಿಸಿ, ಪ್ರೆಸ್ ನಿಲ್ಲಿಸಿ, ಕ್ಲಚ್ ಬಿಚ್ಚಿ ನೋಡುವ ಕೆಲಸ ಆಗ ಶುರುವಾಯಿತು.